ಮನೆ ರಿಪೇರಿಗೆ ಓನರ್‌ಗೆ ಪತ್ರ: ತಾರೀಖು, ತೊಂದರೆ, ಗಡುವು ಎದ್ದು ಕಾಣುವಂತೆ ಕತ್ತರಿಸುವುದು ಹೇಗೆ

ಬಾಡಿಗೆ ಮನೆಯವರು ಓನರ್‌ಗೆ ಬರೆಯುವ ರಿಪೇರಿ ಪತ್ರದಲ್ಲಿ ಏನು ಕೆಟ್ಟಿದೆ, ಯಾವತ್ತಿನಿಂದ ಕೆಟ್ಟಿದೆ, ಯಾವ ದಿನದೊಳಗೆ ಸರಿಯಾಗಬೇಕು ಎನ್ನುವುದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಅದನ್ನು ಹುಡುಕಿ ತೆಗೆಯಬೇಕಾಗುತ್ತದೆ. ಓನರ್ ಪತ್ರವನ್ನು ಓದುವುದು ಒಂದೇ ಸಲ, ಅದೂ ಫೋನಿನಲ್ಲಿ, ಬೇರೆ ಕೆಲಸದ ನಡುವೆ. ಹುಡುಕುವ ಕೆಲಸವನ್ನು ಅವರು ಮಾಡುವುದಿಲ್ಲ. ನಾಳೆ ಅಡ್ವಾನ್ಸ್ ವಾಪಸ್ ಕೊಡುವಾಗ ತಕರಾರು ಎದ್ದು ವಕೀಲರೊಬ್ಬರು ಅದೇ ಪತ್ರ ನೋಡಿದರೂ, ಅವರು ಮೊದಲು ಕೇಳುವುದು "ತಾರೀಖು ಎಲ್ಲಿದೆ?" ಎಂದೇ.

ಇಲ್ಲಿ ಒಂದೇ ಒಂದು ಪತ್ರವನ್ನು ತೆಗೆದುಕೊಂಡು ಮೊದಲ ಕರಡಿನಿಂದ ಕೊನೆಯ ಪ್ರತಿಯವರೆಗೆ ತಿದ್ದುತ್ತಾ ಹೋಗೋಣ. ಉದಾಹರಣೆಗಾಗಿ ಕಟ್ಟಿಕೊಂಡ ಮನೆ ಮತ್ತೀಕೆರೆಯಲ್ಲಿದೆ, ಎರಡನೇ ಮಹಡಿ, ಅದರ ಮೇಲೆ ತಾರಸಿ. 1 ನವೆಂಬರ್ 2024ರಿಂದ 11 ತಿಂಗಳ ಕರಾರು. ಪತ್ರ ಬರೆಯುತ್ತಿರುವುದು 2025ರ ಜುಲೈ ನಡುವಿನಲ್ಲಿ.

ಮೊದಲ ಕರಡು

> ಮಾನ್ಯರೇ,
>
> ನಮಸ್ಕಾರ. ನಾವು ತಮ್ಮ ಮನೆಗೆ ಬಂದು ಎಂಟು ತಿಂಗಳ ಮೇಲಾಯಿತು, ಇಲ್ಲಿಯವರೆಗೆ ಬಾಡಿಗೆ ಒಂದು ದಿನವೂ ತಡ ಮಾಡಿಲ್ಲ ಎಂಬುದು ತಮಗೇ ಗೊತ್ತಿದೆ. ಹೋದ ತಿಂಗಳು ಮಳೆ ಶುರುವಾದಾಗಿನಿಂದ ಬೆಡ್‌ರೂಮ್ ಸೋರುತ್ತಿದ್ದು, ಆ ವಿಷಯವನ್ನು ಆಗಲೇ ತಮ್ಮ ಗಮನಕ್ಕೆ ತರಲಾಗಿದ್ದು, ತಾವೂ ಒಂದು ಭಾನುವಾರ ಬಂದು ನೋಡಿ ಮೇಸ್ತ್ರಿಯನ್ನು ಕಳಿಸುವುದಾಗಿ ಹೇಳಿ ಹೋಗಿದ್ದು, ಇಂದಿನವರೆಗೂ ಯಾರೂ ಬಂದಿರುವುದಿಲ್ಲ. ಬಹುಶಃ ಮನೆ ಕಟ್ಟುವಾಗಲೇ ತಾರಸಿಗೆ ಸರಿಯಾಗಿ ಗಾರೆ ಹಾಕಿಲ್ಲ ಅನಿಸುತ್ತದೆ. ಮೊನ್ನೆ ಸಿಮೆಂಟ್ ಕೂಡ ಉದುರಿ ಮಂಚದ ಮೇಲೆ ಬಿತ್ತು, ಪುಣ್ಯಕ್ಕೆ ಮಗು ಅಲ್ಲಿರಲಿಲ್ಲ. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತದೆ, ಕಿಟಕಿಯ ಸೊಳ್ಳೆ ಪರದೆ ಹರಿದಿದೆ, ಕೆಳಗಿನ ಮನೆಯವರು ಗೇಟಿಗೆ ಅಡ್ಡ ಗಾಡಿ ನಿಲ್ಲಿಸುತ್ತಾರೆ. ಗೀಸರ್ ಕೂಡ ಸರಿಯಿಲ್ಲ, ಶಾಕ್ ಹೊಡೆಯುತ್ತದೆ. ಇಷ್ಟೊಂದು ಅಡ್ವಾನ್ಸ್ ಕೊಟ್ಟೂ ಹೀಗಿರಬೇಕೆಂದರೆ ಬೇಜಾರಾಗುತ್ತದೆ. ಆದ್ದರಿಂದ ದಯಮಾಡಿ ಆದಷ್ಟು ಬೇಗ ಎಲ್ಲವನ್ನೂ ಸರಿಪಡಿಸಿಕೊಡಬೇಕಾಗಿ ವಿನಂತಿ. ಇಲ್ಲವಾದಲ್ಲಿ ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ.

ಇದರಲ್ಲಿ ಸುಳ್ಳಿಲ್ಲ. ಆದರೆ ಒಂದೇ ಒಂದು ತಾರೀಖೂ ಇಲ್ಲ. ಜೀವಕ್ಕೆ ಅಪಾಯ ತರುವ ಗೀಸರ್ ಶಾಕ್, ಗೇಟಿಗೆ ಅಡ್ಡ ನಿಂತ ಗಾಡಿಯ ಹಿಂದೆ ಅಡಗಿದೆ. ಗಡುವು "ಆದಷ್ಟು ಬೇಗ". ಇದನ್ನು ಓದಿದ ಓನರ್ "ಆಯ್ತು, ಮಳೆ ನಿಲ್ಲಲಿ ನೋಡೋಣ" ಎಂದು ಬಿಟ್ಟರೆ, ಪತ್ರದ ಯಾವ ಸಾಲನ್ನೂ ಅವರು ಮುರಿದ ಹಾಗಾಗುವುದಿಲ್ಲ.

ಹಂತ 1: ಕತ್ತರಿಸುವ ಮೊದಲು ತಾರೀಖು ಹೆಕ್ಕಿ

ಕರಡನ್ನು ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. "ಹೋದ ತಿಂಗಳು", "ಆಗಲೇ", "ಒಂದು ಭಾನುವಾರ", "ಮೊನ್ನೆ" ಎಂದು ಬರೆದ ಪ್ರತಿಯೊಂದು ಕಡೆಯೂ ಒಂದು ತಾರೀಖು ಇತ್ತು. ಅವನ್ನು ನೆನಪಿನಿಂದ ಬರೆಯಬೇಡಿ, ಫೋನಿನಿಂದ ತೆಗೆಯಿರಿ. ಮೊದಲ ಫೋಟೋದ ವಿವರದಲ್ಲಿ ದಿನ ಮತ್ತು ಗಂಟೆ ಇರುತ್ತದೆ. ಓನರ್ ಜೊತೆ ಮಾತಾಡಿದ ದಿನ ಕಾಲ್ ಲಾಗ್‌ನಲ್ಲಿ ಇರುತ್ತದೆ. ಹಳೆಯ ಕರೆಗಳು ಅಲ್ಲಿಂದ ಅಳಿಸಿ ಹೋಗುವುದರಿಂದ ಅವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋಟೋಗಳ ಮೂಲ ಪ್ರತಿಯನ್ನು ಗ್ಯಾಲರಿಯಲ್ಲೇ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನದ ಮಾಹಿತಿ ಉಳಿಯುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಹಾಳೆಯ ಮೇಲೆ ಹೀಗೆ ಮೂಡಿತು. 8 ಜೂನ್, ಭಾನುವಾರ: ಬೆಡ್‌ರೂಮ್ ಸೀಲಿಂಗ್ ಮೂಲೆಯಲ್ಲಿ ಮೊದಲ ಕಲೆ. 9 ಜೂನ್: ಓನರ್‌ಗೆ ಫೋನ್. 15 ಜೂನ್, ಭಾನುವಾರ: ಓನರ್ ಬಂದು ನೋಡಿ, ಮೇಸ್ತ್ರಿ ಕಳಿಸುತ್ತೇನೆ ಎಂದರು. 22 ಜೂನ್: ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ನೆನಪಿಸಿದ್ದು. 5 ಜುಲೈ, ಶನಿವಾರ: ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿ ಶಾಕ್. 6 ಜುಲೈ: ವಾಟ್ಸಾಪ್‌ನಲ್ಲಿ ತಿಳಿಸಿದ್ದು. 13 ಜುಲೈ, ಭಾನುವಾರ: ಸೀಲಿಂಗ್ ಪ್ಲಾಸ್ಟರ್ ಉದುರಿದ್ದು.

ಪ್ರತಿ ತೊಂದರೆಗೂ ಮೂರು ಬಗೆಯ ತಾರೀಖು ಬೇಕು: ಕಂಡ ದಿನ, ಹೇಳಿದ ದಿನ, ಹೇಳಿದ ಮೇಲೆ ಏನಾಯಿತು ಅಥವಾ ಏನಾಗಲಿಲ್ಲ ಎನ್ನುವ ದಿನ. ಎರಡನೆಯದೇ ಮುಖ್ಯ, ಯಾಕೆಂದರೆ ಓನರ್‌ನ ಹೊಣೆ ಲೆಕ್ಕಕ್ಕೆ ಬರುವುದು ಅವರಿಗೆ ತಿಳಿಸಿದ ಮೇಲೆ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಕುರುಹು ಇಲ್ಲದಿದ್ದರೂ ತಾರೀಖು ಬರೆಯಿರಿ. ಅವರು ಆ ಸಾಲಿಗೆ ತಕರಾರು ಎತ್ತದೆ ಉತ್ತರ ಕೊಟ್ಟರೆ ಅದೂ ನಿಮ್ಮ ನೆರವಿಗೆ ಬರುತ್ತದೆ.

ಹಂತ 2: ಕರಾರು ಪತ್ರ ತೆರೆದು ರಿಪೇರಿಯ ಷರತ್ತು ಹುಡುಕಿ

ಇದನ್ನು ಬಿಟ್ಟು ಬರೆದ ಪತ್ರ ಎಷ್ಟು ಚೆನ್ನಾಗಿದ್ದರೂ ಅರ್ಧ ಮಾತ್ರ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಇವತ್ತಿನ ಹೆಚ್ಚುಕಡಿಮೆ ಎಲ್ಲ ಮನೆಗಳೂ ಅದರ ಹೊರಗೇ. ಆಗ ಉಳಿಯುವುದು ನಿಮ್ಮ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಆ ಕಾಯ್ದೆಯ ಸೆಕ್ಷನ್ 108(ಬಿ)(ಎಫ್) ಹೇಳುವುದು ಇಷ್ಟು: ಮಾಡಿಸಲು ತಾನು ಬದ್ಧನಾಗಿರುವ ರಿಪೇರಿಯನ್ನು, ತಿಳಿಸಿದ ಮೇಲೆ ತಕ್ಕಷ್ಟು ಸಮಯದೊಳಗೆ ಮಾಲೀಕ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು ಅಥವಾ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ಇಲ್ಲಿ "ಬದ್ಧನಾಗಿರುವ" ಎನ್ನುವ ಪದವನ್ನು ಜನ ದಾಟಿ ಓದುತ್ತಾರೆ. ಮನೆಯ ಎಲ್ಲ ರಿಪೇರಿಗೂ ಓನರ್ ಹೊಣೆ ಎಂದು ಈ ಸೆಕ್ಷನ್ ಹೇಳುವುದಿಲ್ಲ, ಹೊಣೆ ಬರುವುದು ಮುಖ್ಯವಾಗಿ ನಿಮ್ಮ ಕರಾರಿನಿಂದ. ಜೊತೆಗೆ, ಕರಾರಿನಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುತ್ತದೆ ಎಂದೂ ಸೆಕ್ಷನ್ 108ರ ಮೊದಲಲ್ಲೇ ಇದೆ.

ಹಾಗಾಗಿ "ದೊಡ್ಡ ರಿಪೇರಿ ಮಾಲೀಕರದು, ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂಬಂಥ ಸಾಲು ಎಲ್ಲಿದೆ ನೋಡಿ, ಅದರ ನಂಬರ್ ಬರೆದುಕೊಳ್ಳಿ. ಉದಾಹರಣೆಯಲ್ಲಿ ಅದು 7ನೇ ಷರತ್ತು. ಕೊನೆಯ ಪುಟದ ಫಿಟ್ಟಿಂಗ್ ಪಟ್ಟಿಯನ್ನೂ ನೋಡಿ. ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಒಂದು ಎಂದು ಅಲ್ಲಿದ್ದರೆ ಗೀಸರ್ ಓನರ್‌ದು. ಗೀಸರ್ ನೀವೇ ತಂದು ಹಾಕಿಸಿದ್ದಾದರೆ ಪತ್ರದ ಮಾತು ಬದಲಾಗುತ್ತದೆ. ಆಗ ಗೀಸರ್ ರಿಪೇರಿ ನಿಮ್ಮದು, ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಅವರದು. ಯಾವುದರಿಂದ ಶಾಕ್ ಬರುತ್ತಿದೆ ಎಂದು ನೀವು ಮುಟ್ಟಿ ಪರೀಕ್ಷೆ ಮಾಡಲು ಹೋಗಬೇಡಿ. ಎಂಸಿಬಿ ಆಫ್ ಮಾಡಿ ಬಿಡಿ, ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಲಿ.

ಕರಾರಿನಲ್ಲಿ ರಿಪೇರಿಯ ಸಾಲೇ ಇಲ್ಲದಿದ್ದರೂ ಪತ್ರ ಬರೆಯಬೇಕು. ಆದರೆ ಬಾಡಿಗೆಯಲ್ಲಿ ಕಳೆಯುವ ಮಾತನ್ನು ಅದರಲ್ಲಿ ಹಾಕಬೇಡಿ.

ಹಂತ 3: ಯಾವುದನ್ನು ತೆಗೆಯಬೇಕು

ಕರಡಿನ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ತೊಂದರೆ ಏನು ಎಂದು ಹೇಳುತ್ತದೆಯೇ, ಯಾವಾಗ ಎಂದು ಹೇಳುತ್ತದೆಯೇ, ಯಾರು ಯಾವತ್ತಿನೊಳಗೆ ಏನು ಮಾಡಬೇಕು ಎಂದು ಹೇಳುತ್ತದೆಯೇ? ಮೂರಕ್ಕೂ ಇಲ್ಲ ಎಂದಾದರೆ ಅಳಿಸಿ.

ಬಾಡಿಗೆ ತಡ ಮಾಡಿಲ್ಲ ಎನ್ನುವ ಸಾಲು ನಿಜವಾದರೂ ಹೋಗಬೇಕು, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕು. ಬೇಜಾರಾಗುತ್ತದೆ ಎನ್ನುವುದೂ ಹೋಗಬೇಕು. ಕೆಳಗಿನ ಮನೆಯವರ ಗಾಡಿ ರಿಪೇರಿಯೇ ಅಲ್ಲ. ನಲ್ಲಿಯ ವಾಷರ್ ಮತ್ತು ಸೊಳ್ಳೆ ಪರದೆ ಸಣ್ಣಪುಟ್ಟ ರಿಪೇರಿಯ ಸಾಲಿಗೆ ಬರುತ್ತವೆ. ಅವನ್ನು ಈ ಪತ್ರದಲ್ಲಿಟ್ಟರೆ ಓನರ್ ಮೊದಲು ಅದಕ್ಕೇ ಉತ್ತರ ಕೊಡುತ್ತಾರೆ: "ವಾಷರ್ ಎಲ್ಲಾ ನೀವೇ ಹಾಕಿಸ್ಕೋಬೇಕು." ಅಲ್ಲಿಗೆ ಮಾತು ವಾಷರ್ ಮೇಲೆ ತಿರುಗಿ, ಸೀಲಿಂಗ್ ಮರೆಯಾಗುತ್ತದೆ. ಹತ್ತು ದೂರಿನಲ್ಲಿ ಎರಡು ಗಟ್ಟಿ ಇದ್ದರೆ ಎರಡನ್ನೇ ಬರೆಯಿರಿ.

ತಾರಸಿಗೆ ಗಾರೆ ಸರಿಯಾಗಿ ಹಾಕಿಲ್ಲ ಎನ್ನುವ ಊಹೆಯನ್ನು ಖಂಡಿತ ತೆಗೆಯಬೇಕು. ಕಾರಣ ತಾರಸಿಯ ನೀರು ಹೋಗುವ ಪೈಪಿಗೆ ಎಲೆ ಕಟ್ಟಿ ನೀರು ನಿಂತಿದ್ದಿರಬಹುದು, ಪ್ಯಾರಾಪೆಟ್ ಗೋಡೆ ಸ್ಲ್ಯಾಬ್‌ಗೆ ಕೂಡುವ ಕಡೆ ಬಿರುಕಿರಬಹುದು, ಓವರ್‌ಹೆಡ್ ಟ್ಯಾಂಕಿನ ಪೈಪ್ ಸೋರುತ್ತಿರಬಹುದು. ನಿಮ್ಮ ಊಹೆ ತಪ್ಪಾದರೆ ಇಡೀ ಪತ್ರ ತಪ್ಪು ಎನ್ನಲು ದಾರಿಯಾಗುತ್ತದೆ. ಮೇಲಾಗಿ ಅದು ಮನೆ ಕಟ್ಟಿದವರ ಮೇಲಿನ ಆರೋಪ, ಕೇಳಿದವರಿಗೆ ಕೋಪ ಬರುವುದು ಸಹಜ. ಕಾರಣದ ಬದಲು ಕಂಡದ್ದನ್ನು ಬರೆಯಿರಿ: "ಮಳೆ ಬಂದ ದಿನ ಮಾತ್ರ ತೊಟ್ಟಿಕ್ಕುತ್ತದೆ." ಮಳೆ ಇಲ್ಲದ ದಿನವೂ ಒದ್ದೆ ಇದ್ದರೆ ಪೈಪ್ ಅಥವಾ ಟ್ಯಾಂಕ್, ಮಳೆಗೆ ಮಾತ್ರ ಬಂದರೆ ತಾರಸಿ ಎಂದು ಮೇಸ್ತ್ರಿ ಆ ಒಂದು ಸಾಲಿನಿಂದಲೇ ಹುಡುಕಾಟ ಶುರು ಮಾಡುತ್ತಾರೆ.

"ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ" ಕೂಡ ಬೇಡ. ಯಾವ ಕ್ರಮ, ಯಾವಾಗ ಎಂದಿಲ್ಲದ ಬೆದರಿಕೆ ಸಂಬಂಧ ಕೆಡಿಸುತ್ತದೆ, ಕೆಲಸ ಮಾಡಿಸುವುದಿಲ್ಲ.

ಹಂತ 4: ತೊಂದರೆಯನ್ನು ಅಳತೆಯಲ್ಲಿ ಬರೆಯಿರಿ

"ಬೆಡ್‌ರೂಮ್ ಸೋರುತ್ತಿದೆ" ಎನ್ನುವುದನ್ನು ಅಲ್ಲಗಳೆಯುವುದು ಸುಲಭ. "8 ಜೂನ್‌ಗೆ 2 ಅಡಿ × 1 ಅಡಿ ಇದ್ದ ಕಲೆ 13 ಜುಲೈಗೆ 5 ಅಡಿ × 3 ಅಡಿ ಆಗಿದೆ" ಎನ್ನುವುದನ್ನು ಅಲ್ಲಗಳೆಯಲು ಬಂದು ಅಳೆಯಬೇಕು. ಅವರು ಬರಲಿ ಎನ್ನುವುದೇ ನಿಮಗೂ ಬೇಕಾದದ್ದು.

ಅಳತೆ ಇಟ್ಟುಕೊಳ್ಳುವ ಸುಲಭ ದಾರಿಯಿದೆ. ಕಲೆ ಗೋಡೆಗೂ ಇಳಿದಿದ್ದರೆ ಅದರ ಅಂಚಿನ ಸುತ್ತ ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಮಳೆಯ ಮೇಲೆ ಗೆರೆ ದಾಟಿದ್ದರೆ ಹೊಸ ಗೆರೆ. ಸೀಲಿಂಗ್‌ಗೆ ಕೈ ಎಟುಕದಿದ್ದರೆ, ಮತ್ತು ಪ್ಲಾಸ್ಟರ್ ಸಡಿಲವಾಗಿದ್ದರೆ ಅದರ ಕೆಳಗೆ ನಿಲ್ಲಲೇಬೇಡಿ, ಕೋಣೆಯ ಬಾಗಿಲಲ್ಲಿ ಒಂದೇ ಜಾಗದಲ್ಲಿ ನಿಂತು ಪ್ರತಿ ಸಲ ಫೋಟೋ ತೆಗೆಯಿರಿ. ಫ್ಯಾನ್ ಅಥವಾ ಕಿಟಕಿಯ ಮೇಲ್ತುದಿ ಚಿತ್ರದಲ್ಲಿ ಬಂದರೆ ಗಾತ್ರ ತಾನಾಗಿ ಗೊತ್ತಾಗುತ್ತದೆ. ಇಬ್ಬರಿಗೂ ಗೊತ್ತಾಗುವ ಹಾಗೆ ಜಾಗ ಹೇಳಿ: "ರಸ್ತೆ ಕಡೆಯ ಬೆಡ್‌ರೂಮ್, ಕಿಟಕಿಯ ಎಡ ಮೂಲೆ."

ಗೀಸರ್‌ಗೆ ಅಳತೆ ಇಲ್ಲ, ಆದರೆ ಅಷ್ಟೇ ಉಪಯೋಗದ ಒಂದು ವಿವರ ಇದೆ. ಶಾಕ್ ಹೊಡೆದಾಗ ಸ್ವಿಚ್‌ಬೋರ್ಡಿನಲ್ಲಿ ಯಾವುದಾದರೂ ಟ್ರಿಪ್ ಆಯಿತೇ? ಮೈಗೆ ಕರೆಂಟ್ ಹರಿದಾಗ ಕಡಿಯಬೇಕಾದದ್ದು ಆರ್‌ಸಿಸಿಬಿ. ಮನೆಗಳಲ್ಲಿ ಅದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ದು. ಎಂಸಿಬಿಗೆ ಆ ಕೆಲಸ ಬರುವುದಿಲ್ಲ, ಅದು ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ಮಾತ್ರ ಬೀಳುತ್ತದೆ. ಆದ್ದರಿಂದ "ಯಾವ ಸ್ವಿಚ್ಚೂ ಟ್ರಿಪ್ ಆಗಲಿಲ್ಲ" ಎಂಬ ನಾಲ್ಕು ಪದ, ಗೀಸರ್ ಜೊತೆಗೆ ಬೋರ್ಡನ್ನೂ ನೋಡಬೇಕು ಎಂದು ಎಲೆಕ್ಟ್ರಿಷಿಯನ್‌ಗೆ ಹೇಳುತ್ತದೆ.

ಹಂತ 5: ಕನ್ನಡದ ಉದ್ದ ವಾಕ್ಯವನ್ನು ಮುರಿಯಿರಿ

ಕರಡಿನ "ಸೋರುತ್ತಿದ್ದು... ತರಲಾಗಿದ್ದು... ಹೇಳಿ ಹೋಗಿದ್ದು... ಬಂದಿರುವುದಿಲ್ಲ" ಎಂಬ ವಾಕ್ಯವನ್ನು ಮತ್ತೊಮ್ಮೆ ನೋಡಿ. ಅರ್ಜಿ ಬರೆಯುವ ರೂಢಿಯಿಂದ ಬಂದ ಈ "ಇದ್ದು, ಆಗಿದ್ದು" ಸರಪಳಿಯಲ್ಲಿ ನಾಲ್ಕು ಘಟನೆಗಳು ಒಂದೇ ಉಸಿರಿನಲ್ಲಿ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ ಓದುವವರ ಮನಸ್ಸಿನಲ್ಲಿ ಉಳಿಯುವುದು ಕೊನೆಯ "ಬಂದಿರುವುದಿಲ್ಲ" ಒಂದೇ. ಪ್ರತಿ "ಇದ್ದು" ಇದ್ದಲ್ಲಿ ಪೂರ್ಣವಿರಾಮ ಹಾಕಿ, ಹೊಸ ಸಾಲನ್ನು ತಾರೀಖಿನಿಂದ ಶುರು ಮಾಡಿ. ನಾಲ್ಕು ಚಿಕ್ಕ ಸಾಲುಗಳ ಎಡ ಅಂಚಿನಲ್ಲಿ ನಾಲ್ಕು ತಾರೀಖು ಕೆಳಗೆ ಕೆಳಗೆ ಬಂದು ನಿಲ್ಲುತ್ತವೆ. ಅಚ್ಚುಕಟ್ಟಿಗೆ ಬೇರೆ ಟೇಬಲ್ ಏನೂ ಬೇಡ.

"ಗಮನಕ್ಕೆ ತರಲಾಗಿದೆ" ಎನ್ನುವಲ್ಲಿ ಯಾರು, ಹೇಗೆ ತಂದರು ಎಂದಿಲ್ಲ. "ನಾನು ಫೋನ್ ಮಾಡಿ ತಿಳಿಸಿದೆ" ಎಂದು ಬರೆಯಿರಿ. ಮರ್ಯಾದೆಗೆ "ಮಾನ್ಯರೇ" ಮತ್ತು "ನೀವು" ಸಾಕು. ಪ್ರತಿ ಸಾಲಿಗೂ "ತಾವು ದಯಮಾಡಿ" ಸೇರಿದರೆ ಕೇಳುತ್ತಿರುವುದು ಹಕ್ಕೋ ಉಪಕಾರವೋ ಎಂದು ಗೊತ್ತಾಗುವುದಿಲ್ಲ. ಮುಖಾಮುಖಿ ಸಿಕ್ಕಾಗ "ಅಂಕಲ್, ಆಂಟಿ" ಎಂದು ಕರೆಯುವ ಸಲುಗೆ ಇದ್ದರೂ ಅದು ಮಾತಿನಲ್ಲೇ ಇರಲಿ, ಕಾಗದದಲ್ಲಿ ಹೆಸರಿನ ಮುಂದೆ "ಶ್ರೀ" ಅಥವಾ "ಶ್ರೀಮತಿ" ಹಾಕಿ.

ಹಂತ 6: ಗಡುವು

ಪತ್ರಗಳು ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. "ಒಂದು ವಾರದಲ್ಲಿ" ಎಂದರೆ ಬರೆದ ದಿನದಿಂದಲೋ, ತಲುಪಿದ ದಿನದಿಂದಲೋ? "20ರೊಳಗೆ" ಎಂದರೆ 20 ಸೇರಿಯೋ, 19ಕ್ಕೇ ಮುಗಿಯಿತೋ? "7/8" ಎಂದರೆ ಆಗಸ್ಟ್ 7 ಎಂದು ನಾವು ಓದಿದರೆ ಹೊರದೇಶದಲ್ಲಿರುವ ಓನರ್ ಜುಲೈ 8 ಎಂದು ಓದಬಹುದು. ಈ ಯಾವ ಗೊಂದಲವೂ ಬಾರದಂತೆ ದಿನ, ತಿಂಗಳ ಹೆಸರು, ಇಸವಿ, ವಾರ, ಗಂಟೆ ಐದನ್ನೂ ಬರೆಯಿರಿ: "17 ಜುಲೈ 2025, ಗುರುವಾರ, ರಾತ್ರಿ 8 ಗಂಟೆಗೆ ಮುಂಚೆ." ವಾರವನ್ನು ಕ್ಯಾಲೆಂಡರ್ ನೋಡಿ ಹಾಕಿ. ತಾರೀಖು, ವಾರ ಹೊಂದದಿದ್ದರೆ ಎರಡೂ ಅನುಮಾನಕ್ಕೆ ಬೀಳುತ್ತವೆ.

ಎರಡು ತೊಂದರೆಗೆ ಒಂದೇ ಗಡುವು ಕೊಡಬೇಡಿ. ಶಾಕ್ ಹೊಡೆಯುವ ಗೀಸರ್‌ಗೆ ಮೂರು ದಿನ ಸಾಕು, ಎಲೆಕ್ಟ್ರಿಷಿಯನ್ ಒಂದು ಸಲ ಬಂದರೆ ಬಹುತೇಕ ಮುಗಿಯುವ ಕೆಲಸ. ತಾರಸಿ ಹಾಗಲ್ಲ. ವಾಟರ್‌ಪ್ರೂಫಿಂಗ್ ಕೋಟಿಂಗ್ ಹಿಡಿಯಬೇಕಾದರೆ ಮೇಲ್ಮೈ ತೊಳೆದು, ಬಿರುಕು ತುಂಬಿ, ಕೋಟಿಂಗ್ ಒಣಗುವವರೆಗೆ ಮಳೆ ಬೀಳಬಾರದು. ಆಮೇಲೆ ನೀರು ನಿಲ್ಲಿಸಿ ಒಂದೆರಡು ದಿನ ನೋಡಬೇಕು. ಜುಲೈ ಮಳೆಯಲ್ಲಿ "ಮೂರು ದಿನದಲ್ಲಿ ತಾರಸಿ ಸರಿಮಾಡಿ" ಎಂದರೆ ಓನರ್‌ಗೆ ನ್ಯಾಯವಾದ ನೆಪ ನಾವೇ ಕೊಟ್ಟಂತಾಗುತ್ತದೆ, ಅಥವಾ ಅವರು ಒದ್ದೆಯ ಮೇಲೇ ಬಳಿಸಿ ತಿಂಗಳಲ್ಲಿ ಮತ್ತೆ ಸೋರುತ್ತದೆ.

ಹಾಗಾಗಿ ಸೀಲಿಂಗ್ ಕೆಲಸವನ್ನು ಎರಡಾಗಿ ಒಡೆಯಿರಿ. ಸಡಿಲ ಪ್ಲಾಸ್ಟರ್ ಕೆಡವುವುದು, ತಾರಸಿಯ ನೀರಿನ ದಾರಿ ಬಿಡಿಸುವುದು, ಆ ಭಾಗಕ್ಕೆ ಟಾರ್ಪಾಲಿನ್ ಹೊದಿಸುವುದು ಮಳೆಯಲ್ಲೂ ಆಗುವ ಕೆಲಸ. ಅದಕ್ಕೆ 20 ಜುಲೈ, ಭಾನುವಾರ. ಶಾಶ್ವತ ವಾಟರ್‌ಪ್ರೂಫಿಂಗ್ ಮತ್ತು ಸೀಲಿಂಗ್‌ಗೆ ಹೊಸ ಪ್ಲಾಸ್ಟರ್‌ಗೆ 17 ಆಗಸ್ಟ್, ಭಾನುವಾರ. ಐದು ವಾರದಲ್ಲಿ ಮಳೆ ಬಿಡುವು ಕೊಡುವ ದಿನಗಳು ಸಿಗುತ್ತವೆ. ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುವುದರಿಂದ ಅದಕ್ಕಿಂತ ಸಾಕಷ್ಟು ಮೊದಲೂ ಆಯಿತು.

ಗಡುವಿನ ಗಂಟೆಯನ್ನು ನೀವು ಮನೆಯಲ್ಲಿರುವ ಹೊತ್ತಿಗೆ ಹೊಂದಿಸಿ. ಸಂಜೆ 6ಕ್ಕೆ ಗಡುವು ಕೊಟ್ಟು, "ನಾವು 6ರ ಮೇಲೆ ಸಿಗುತ್ತೇವೆ" ಎಂದು ಬರೆದರೆ ಕೆಲಸ ತಡವಾದದ್ದು ನಿಮ್ಮಿಂದಲೇ ಎನ್ನಬಹುದು. ಕೆಲಸದವರು ಯಾವಾಗ ಬರಬಹುದು ಎಂಬ ಸಾಲು ಪತ್ರದಲ್ಲಿ ಇರಲೇಬೇಕು. "ಬಂದಿದ್ವಿ, ಬಾಗಿಲು ಹಾಕಿತ್ತು" ಎನ್ನುವ ಉತ್ತರವನ್ನು ಅದು ಮೊದಲೇ ತಡೆಯುತ್ತದೆ.

ಹಂತ 7: ಗಡುವು ದಾಟಿದರೆ ಏನು

ಒಂದೇ ವಾಕ್ಯ, ನೀವು ನಿಜವಾಗಿ ಮಾಡುವಂಥದ್ದು. ಉದಾಹರಣೆಯ ಮನೆಯಲ್ಲಿ 7ನೇ ಷರತ್ತಿದೆ, ಗೀಸರ್ ಫಿಟ್ಟಿಂಗ್ ಪಟ್ಟಿಯಲ್ಲಿದೆ, ಖರ್ಚು ಸಣ್ಣದು. ಆದ್ದರಿಂದ ತಾವೇ ಮಾಡಿಸಿ ಬಿಲ್ ಕೊಟ್ಟು ಬಾಡಿಗೆಯಲ್ಲಿ ಕಳೆಯುವ ಮಾತು ಗೀಸರ್‌ಗೆ ಸರಿಹೋಗುತ್ತದೆ. ತಾರಸಿಗೆ ಅದೇ ಮಾತು ಬೇಡ. ತಾರಸಿ ನಿಮಗೆ ಬಾಡಿಗೆಗೆ ಕೊಟ್ಟ ಭಾಗವಲ್ಲ, ಅಲ್ಲಿ ಕೆಲಸ ಮಾಡಿಸಲು ಓನರ್ ಒಪ್ಪಿಗೆ ಬೇಕು, ಖರ್ಚೂ ದೊಡ್ಡದು. ಅದಕ್ಕೆ "ಗಡುವು ದಾಟಿದರೆ ವಕೀಲರ ಮೂಲಕ ನೋಟಿಸ್ ಕಳಿಸುತ್ತೇನೆ" ಎನ್ನುವುದು ನಡೆಸಿ ತೋರಿಸಬಹುದಾದ ಮಾತು.

ಬಾಡಿಗೆಯನ್ನೇ ನಿಲ್ಲಿಸುತ್ತೇನೆ ಎಂದು ಮಾತ್ರ ಬರೆಯಬೇಡಿ, ನಿಲ್ಲಿಸಲೂ ಬೇಡಿ. ಅಲ್ಲಿಯವರೆಗೆ ರಿಪೇರಿ ಮಾಡಿಸದ ಓನರ್ ಎಂದಿದ್ದ ವಿಷಯ ಬಾಡಿಗೆ ಕೊಡದ ಬಾಡಿಗೆದಾರ ಎಂದು ತಿರುಗಿಬಿಡುತ್ತದೆ.

ಕೊನೆಯ ಪ್ರತಿ

> ದಿನಾಂಕ: 14 ಜುಲೈ 2025, ಸೋಮವಾರ
>
> ಇಂದ: (ಹೆಸರು), 2ನೇ ಮಹಡಿ, (ಮನೆ ನಂಬರ್, ರಸ್ತೆ), ಮತ್ತೀಕೆರೆ, ಬೆಂಗಳೂರು
> ಇವರಿಗೆ: ಶ್ರೀ (ಹೆಸರು), (ಕರಾರಿನಲ್ಲಿರುವ ವಿಳಾಸ)
>
> ವಿಷಯ: ಗೀಸರ್ ಶಾಕ್ ಮತ್ತು ಬೆಡ್‌ರೂಮ್ ಸೀಲಿಂಗ್ ರಿಪೇರಿ. ಗಡುವು 17 ಜುಲೈ, 20 ಜುಲೈ, 17 ಆಗಸ್ಟ್ 2025
>
> ಮಾನ್ಯರೇ,
>
> 1 ನವೆಂಬರ್ 2024ರ ಬಾಡಿಗೆ ಕರಾರಿನ 7ನೇ ಷರತ್ತಿನಂತೆ ನೀವು ಮಾಡಿಸಬೇಕಾದ ಎರಡು ರಿಪೇರಿ ಬಾಕಿ ಇವೆ.
>
> 1\. ಗೀಸರ್: ನಲ್ಲಿ ಮುಟ್ಟಿದರೆ ಶಾಕ್
> 5 ಜುಲೈ: ಗೀಸರ್ ಆನ್ ಇದ್ದಾಗ ಬಿಸಿನೀರಿನ ನಲ್ಲಿ ಮುಟ್ಟಿದೆ, ಶಾಕ್ ಹೊಡೆಯಿತು. ಯಾವ ಸ್ವಿಚ್ಚೂ ಟ್ರಿಪ್ ಆಗಲಿಲ್ಲ. ಅಂದಿನಿಂದ ಗೀಸರ್ ಎಂಸಿಬಿ ಆಫ್ ಇದೆ.
> 6 ಜುಲೈ: ನಿಮಗೆ ವಾಟ್ಸಾಪ್‌ನಲ್ಲಿ ತಿಳಿಸಿದೆ. ಉತ್ತರ ಬಂದಿಲ್ಲ.
> ಆಗಬೇಕಾದ ಕೆಲಸ: ಎಲೆಕ್ಟ್ರಿಷಿಯನ್‌ನಿಂದ ಗೀಸರ್, ಅರ್ಥಿಂಗ್, ಬೋರ್ಡ್ ಪರೀಕ್ಷೆ ಮತ್ತು ರಿಪೇರಿ.
> ಗಡುವು: 17 ಜುಲೈ 2025, ಗುರುವಾರ, ರಾತ್ರಿ 8 ಗಂಟೆಗೆ ಮುಂಚೆ.
>
> 2\. ರಸ್ತೆ ಕಡೆಯ ಬೆಡ್‌ರೂಮ್ ಸೀಲಿಂಗ್, ಕಿಟಕಿಯ ಎಡ ಮೂಲೆ: ಸೋರಿಕೆ, ಪ್ಲಾಸ್ಟರ್ ಉದುರುತ್ತಿದೆ
> 8 ಜೂನ್: ಸುಮಾರು 2 ಅಡಿ × 1 ಅಡಿ ಒದ್ದೆ ಕಲೆ. ಮಳೆ ಬಂದ ದಿನ ಮಾತ್ರ ತೊಟ್ಟಿಕ್ಕುತ್ತದೆ.
> 9 ಜೂನ್: ನಿಮಗೆ ಫೋನ್ ಮಾಡಿ ತಿಳಿಸಿದೆ.
> 15 ಜೂನ್: ನೀವು ಬಂದು ನೋಡಿ, ಮೇಸ್ತ್ರಿ ಕಳಿಸುವುದಾಗಿ ಹೇಳಿದಿರಿ.
> 22 ಜೂನ್: ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ.
> 13 ಜುಲೈ: ಕಲೆ ಸುಮಾರು 5 ಅಡಿ × 3 ಅಡಿ. ಮಂಚದ ಮೇಲೆ ಪ್ಲಾಸ್ಟರ್ ಬಿತ್ತು. ಕೋಣೆ ಬಳಸುತ್ತಿಲ್ಲ.
> ಆಗಬೇಕಾದ ಕೆಲಸ, ತಕ್ಷಣಕ್ಕೆ: ಸಡಿಲ ಪ್ಲಾಸ್ಟರ್ ಕೆಡವಿ, ತಾರಸಿಯ ನೀರಿನ ದಾರಿ ಬಿಡಿಸಿ, ಟಾರ್ಪಾಲಿನ್ ಹೊದಿಸುವುದು.
> ಗಡುವು: 20 ಜುಲೈ 2025, ಭಾನುವಾರ, ಸಂಜೆ 6 ಗಂಟೆಗೆ ಮುಂಚೆ.
> ಶಾಶ್ವತವಾಗಿ: ತಾರಸಿ ವಾಟರ್‌ಪ್ರೂಫಿಂಗ್, ಸೀಲಿಂಗ್‌ಗೆ ಹೊಸ ಪ್ಲಾಸ್ಟರ್.
> ಗಡುವು: 17 ಆಗಸ್ಟ್ 2025, ಭಾನುವಾರ, ಸಂಜೆ 6 ಗಂಟೆಗೆ ಮುಂಚೆ.
>
> ಕೆಲಸದವರು ಬರಬಹುದಾದ ಸಮಯ: ವಾರದ ದಿನ ಬೆಳಿಗ್ಗೆ 7ರಿಂದ 9, ಸಂಜೆ 6ರಿಂದ 8. ಶನಿವಾರ, ಭಾನುವಾರ ಬೆಳಿಗ್ಗೆ 9ರಿಂದ ಸಂಜೆ 6.
>
> ಗೀಸರ್ ಕೆಲಸ ಗಡುವಿನೊಳಗೆ ಆಗದಿದ್ದರೆ ನಾನೇ ಮಾಡಿಸಿ, ಬಿಲ್ ಪ್ರತಿ ಕೊಟ್ಟು, ಆ ಮೊತ್ತವನ್ನು ಆಗಸ್ಟ್ ಬಾಡಿಗೆಯಲ್ಲಿ ಕಳೆಯುತ್ತೇನೆ (ಆಸ್ತಿ ವರ್ಗಾವಣೆ ಕಾಯ್ದೆ 1882, ಸೆಕ್ಷನ್ 108(ಬಿ)(ಎಫ್)). ಸೀಲಿಂಗ್ ಕೆಲಸ ಆಗದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸುತ್ತೇನೆ.
>
> (ಸಹಿ, ಹೆಸರು, ಫೋನ್)
> ಜೊತೆಗೆ: 4 ಫೋಟೋ

ಗೀಸರ್ ಮೊದಲು, ಸೀಲಿಂಗ್ ಆಮೇಲೆ ಬಂದದ್ದನ್ನು ಗಮನಿಸಿ. ಸೀಲಿಂಗ್ ಹಳೆಯ ತೊಂದರೆ, ಆದರೆ ಕ್ರಮ ಅಪಾಯದ ಪ್ರಕಾರ ಇರಬೇಕು, ವಯಸ್ಸಿನ ಪ್ರಕಾರ ಅಲ್ಲ. ಪತ್ರ ಟೈಪ್ ಮಾಡುವಾಗ ದಪ್ಪ ಅಕ್ಷರ ವಿಷಯದ ಸಾಲು ಮತ್ತು ಮೂರು ಗಡುವುಗಳಿಗೆ ಮಾತ್ರ ಇರಲಿ. ತೊಂದರೆಗಳನ್ನೂ ದಪ್ಪ ಮಾಡಿದರೆ ಗಡುವು ಮತ್ತೆ ಮುಳುಗುತ್ತದೆ. ಮಗು ಅಲ್ಲಿರಲಿಲ್ಲ ಎನ್ನುವ ಮಾತು ಹೋಗಿ "ಕೋಣೆ ಬಳಸುತ್ತಿಲ್ಲ" ಎಂದಾಗಿದೆ. ಹೆದರಿಕೆ ನಿಜವೇ, ಆದರೆ ಕೋಣೆ ಕೈತಪ್ಪಿದ್ದು ಪರೀಕ್ಷಿಸಿ ನೋಡಬಹುದಾದ ಸಂಗತಿ.

ಮುಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ವಿಷಯ ಗೊತ್ತಿಲ್ಲದ ಯಾರಿಗಾದರೂ ಪತ್ರವನ್ನು ಹತ್ತು ಸೆಕೆಂಡ್ ತೋರಿಸಿ ತಿರುಗಿಸಿ ಹಿಡಿಯಿರಿ. ಏನು ಕೆಟ್ಟಿದೆ, ಯಾವತ್ತಿನೊಳಗೆ ಆಗಬೇಕು ಎಂದು ಕೇಳಿ. ಅವರು ಒಂದು ತಾರೀಖನ್ನಾದರೂ ಸರಿಯಾಗಿ ಹೇಳದಿದ್ದರೆ ಇನ್ನೂ ಕತ್ತರಿಸುವುದಿದೆ.

ತಲುಪಿಸುವುದು

ಓನರ್ ಕೆಳಗಿನ ಮಹಡಿಯಲ್ಲೇ ಇದ್ದರೆ ಎರಡು ಪ್ರತಿ ಒಯ್ದು ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಪ್ರತಿ ತಲುಪಿದೆ" ಎಂದು ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಜಗಳ ಬೇಡ, ಅವತ್ತೇ ಅಂಚೆಗೆ ಹಾಕಿ. ಕರಾರಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಕೌಂಟರಿನಲ್ಲಿ ರಿಜಿಸ್ಟ್ರೇಷನ್ ಮತ್ತು ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೇಳಿ, ರಶೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ. ರಶೀದಿಯಲ್ಲಿರುವ 13 ಅಕ್ಷರ-ಅಂಕಿಗಳ ನಂಬರ್ ಹಾಕಿ indiapost.gov.in ನಲ್ಲಿ ತಲುಪಿದ ದಿನ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಅದೇ ದಿನ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿ. ಮೂರು ದಿನದ ಗಡುವಿಗೆ ಅಂಚೆಯನ್ನಷ್ಟೇ ನಂಬಿಕೊಂಡರೆ ಪತ್ರ ತಲುಪುವಷ್ಟರಲ್ಲಿ ಗಡುವೇ ಮುಗಿಯಬಹುದು. ಪಿಡಿಎಫ್ ಮಾಡುವಾಗ ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ವರ್ಡ್ ಫೈಲ್ ಹಾಗೇ ಕಳಿಸಿದರೆ ಅವರ ಫೋನಿನಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಓನರ್‌ಗೆ ಕನ್ನಡ ಓದಲು ಬರುವುದಿಲ್ಲವಾದರೆ ಅವರಿಗೆ ಬರುವ ಭಾಷೆಯ ಪ್ರತಿಯನ್ನೂ ಸೇರಿಸಿ, ತಾರೀಖುಗಳು ಎರಡರಲ್ಲೂ ಒಂದೇ ಇರಲಿ. ಚಾಟ್ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ, ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಜೊತೆಗಿರಬೇಕು. ಮೂಲ ಫೋನ್ ಕೈಯಲ್ಲಿದ್ದರೆ ಅದು ಸುಲಭ.

ಗಡುವಿನ ಮರುದಿನ

17ರ ರಾತ್ರಿ 8 ಆಯಿತು, ಯಾರೂ ಬರಲಿಲ್ಲ ಎಂದುಕೊಳ್ಳಿ. ಮತ್ತೊಂದು ಉದ್ದ ಪತ್ರ ಬೇಡ. 18ರ ಬೆಳಿಗ್ಗೆ ಎರಡು ಸಾಲು ಸಾಕು:

> 14 ಜುಲೈ ಪತ್ರದ ಗೀಸರ್ ಗಡುವು ನಿನ್ನೆ ರಾತ್ರಿ 8ಕ್ಕೆ ಮುಗಿಯಿತು, ಕೆಲಸ ಆಗಿಲ್ಲ. ಇವತ್ತು ನಾನು ಎಲೆಕ್ಟ್ರಿಷಿಯನ್ ಕರೆಸುತ್ತಿದ್ದೇನೆ, ಬಿಲ್ ಕಳಿಸುತ್ತೇನೆ.

ಏನು ಕೆಟ್ಟಿತ್ತು, ಏನು ಬದಲಾಯಿಸಿದರು ಎಂದು ಬಿಲ್ಲಿನಲ್ಲೇ ಎಲೆಕ್ಟ್ರಿಷಿಯನ್‌ನಿಂದ ಬರೆಸಿ. "ಗೀಸರ್ ಕೆಲಸ" ಎಂದಷ್ಟೇ ಇದ್ದರೆ ಓನರ್ ಮೊತ್ತವನ್ನು ಪ್ರಶ್ನಿಸುತ್ತಾರೆ. ತೆಗೆದ ಹಳೆಯ ಎಲಿಮೆಂಟ್ ಅಥವಾ ವೈರ್ ಎಸೆಯದೆ ಒಂದು ಕವರಿನಲ್ಲಿಡಿ. ಆಗಸ್ಟ್ ಬಾಡಿಗೆ ಹಾಕುವಾಗ ಬಿಲ್ಲಿನಷ್ಟೇ ಕಳೆಯಿರಿ, ಮತ್ತು ಒಟ್ಟು ಬಾಡಿಗೆ ಎಷ್ಟು, ಕಳೆದದ್ದು ಎಷ್ಟು, ಹಾಕಿದ್ದು ಎಷ್ಟು ಎಂದು ಅದೇ ದಿನ ಮೆಸೇಜ್ ಮಾಡಿ.

ಓನರ್ ಗಡುವು ಮುಂದಕ್ಕೆ ಹಾಕಲು ಕೇಳಿದರೆ, ಕಾರಣ ಸರಿಯಿದ್ದರೆ ಒಪ್ಪಿ. ಆದರೆ ಫೋನಿನಲ್ಲಿ "ಸರಿ ಸರ್" ಎಂದು ಬಿಡಬೇಡಿ. "ನೀವು ಇವತ್ತು ಫೋನಿನಲ್ಲಿ ಕೇಳಿದಂತೆ ವಾಟರ್‌ಪ್ರೂಫಿಂಗ್ ಗಡುವು 24 ಆಗಸ್ಟ್ 2025, ಭಾನುವಾರ, ಸಂಜೆ 6 ಗಂಟೆ" ಎಂದು ತಕ್ಷಣ ಬರೆದು ಕಳಿಸಿ. ಹಾಗೆ ಮಾಡದಿದ್ದರೆ ಹಳೆಯ ಗಡುವನ್ನು ಬಾಯಿಮಾತಿನಲ್ಲಿ ನೀವೇ ಬಿಟ್ಟುಕೊಟ್ಟಂತೆ, ಹೊಸದು ಯಾವುದೆಂದು ಯಾರಿಗೂ ಗೊತ್ತಿಲ್ಲದಂತೆ ಆಗುತ್ತದೆ.

ಪತ್ರ, ರಶೀದಿ, ಫೋಟೋ, ಬಿಲ್ ಎಲ್ಲವನ್ನೂ ಕರಾರಿನ ಜೊತೆ ಒಂದೇ ಫೈಲಿನಲ್ಲಿಡಿ. ಸೆಪ್ಟೆಂಬರ್ 30ಕ್ಕೆ ಮನೆ ಖಾಲಿ ಮಾಡುವಾಗ ಓನರ್ ಬೆಡ್‌ರೂಮ್ ಸೀಲಿಂಗ್ ತೋರಿಸಿ ಅಡ್ವಾನ್ಸ್‌ನಲ್ಲಿ ಹಿಡಿಯಲು ಹೊರಟರೆ, ಆ ಕಲೆ 8 ಜೂನ್‌ಗೇ ಮೇಲಿನಿಂದ ಬಂದಿತ್ತು, 9 ಜೂನ್‌ಗೇ ಅವರಿಗೆ ತಿಳಿದಿತ್ತು ಎಂದು ತೋರಿಸುವುದು ಈ ಒಂದು ಹಾಳೆ.